ಎರಡು ಪ್ರಶ್ನೆಗಳ ನಡುವೆ ನಂಟಿದೆಯೇ? ಕೈ-ಸ್ಕ್ವೇರ್ ಪರೀಕ್ಷೆಯ ಲೆಕ್ಕ

ಸಮೀಕ್ಷೆಯ ಅನೇಕ ಪ್ರಶ್ನೆಗಳಿಗೆ ಉತ್ತರವಾಗಿ ಸಿಗುವುದು ಅಳತೆಯಲ್ಲ, ಒಂದು ವರ್ಗ. ಉತ್ತರಿಸಿದವರು ಹೆಣ್ಣೋ ಗಂಡೋ, ಅವರ ಒಲವು ಯಾವ ಪಕ್ಷದ ಕಡೆಗೆ ಎಂಬಂಥವಕ್ಕೆ ಸರಾಸರಿ ತೆಗೆಯಲು ಬರುವುದಿಲ್ಲ. ಯಾವ ವರ್ಗದಲ್ಲಿ ಎಷ್ಟು ಜನ ಎಂದು ಎಣಿಸಬಹುದು, ಅಷ್ಟೇ. ಇಂಥ ಎರಡು ಪ್ರಶ್ನೆಗಳ ಉತ್ತರಗಳಿಗೆ ಪರಸ್ಪರ ಸಂಬಂಧವಿದೆಯೇ, ಅಥವಾ ಅವು ಒಂದರ ಹಂಗಿಲ್ಲದೆ ಇನ್ನೊಂದು ಇವೆಯೇ ಎಂದು ತಿಳಿಯಲು ಬಳಸುವುದೇ ಸ್ವಾತಂತ್ರ್ಯದ ಕೈ-ಸ್ಕ್ವೇರ್ ಪರೀಕ್ಷೆ.

ಅಮೆರಿಕದಲ್ಲಿ 1972ರಿಂದ ನಡೆಯುತ್ತಿರುವ ಜನರಲ್ ಸೋಶಿಯಲ್ ಸರ್ವೆ ಎಂಬ ಸಮೀಕ್ಷೆಯಿಂದ ಇದಕ್ಕೊಂದು ಒಳ್ಳೆಯ ಉದಾಹರಣೆ ಸಿಗುತ್ತದೆ. 2000ದ ಸಮೀಕ್ಷೆಯ ಈ ಅಂಕಿಗಳನ್ನು ಸಂಖ್ಯಾಶಾಸ್ತ್ರಜ್ಞ ಅಲನ್ ಅಗ್ರೆಸ್ಟಿ ತಮ್ಮ ಪಠ್ಯಪುಸ್ತಕದಲ್ಲಿ ಬಳಸಿದ್ದಾರೆ. 2757 ಜನರನ್ನು ಲಿಂಗ ಮತ್ತು ಪಕ್ಷದ ಒಲವಿನ ಪ್ರಕಾರ ಇಲ್ಲಿ ವಿಂಗಡಿಸಲಾಗಿದೆ.

| | ಡೆಮಾಕ್ರಟಿಕ್ | ಪಕ್ಷೇತರ | ರಿಪಬ್ಲಿಕನ್ | ಒಟ್ಟು |
|---|---|---|---|---|
| ಮಹಿಳೆಯರು | 762 | 327 | 468 | 1557 |
| ಪುರುಷರು | 484 | 239 | 477 | 1200 |
| ಒಟ್ಟು | 1246 | 566 | 945 | 2757 |

ಕೋಷ್ಟಕವನ್ನು ಓದುವಾಗ ಮೊದಲು ನೋಡಬೇಕಾದದ್ದು ಅಂಚಿನ ಮೊತ್ತಗಳನ್ನು. ಮಹಿಳೆಯರ ಸಂಖ್ಯೆ ಪುರುಷರಿಗಿಂತ 357 ಹೆಚ್ಚಿದೆ. ಆದ್ದರಿಂದ 762ನ್ನು 484ರ ಪಕ್ಕ ಇಟ್ಟು ಹೋಲಿಸುವುದು ತಪ್ಪು. ಪ್ರತಿ ಅಡ್ಡಸಾಲನ್ನೂ ಅದರದೇ ಮೊತ್ತದ ಶೇಕಡಾವಾರಿಗೆ ಬದಲಿಸಿಕೊಂಡರೆ ಹೋಲಿಕೆಗೆ ಅರ್ಥ ಬರುತ್ತದೆ. ಆಗ ಮಹಿಳೆಯರಲ್ಲಿ ಶೇ. 48.9ರಷ್ಟು ಡೆಮಾಕ್ರಟಿಕ್ ಒಲವಿನವರು, ಪುರುಷರಲ್ಲಿ ಶೇ. 40.3ರಷ್ಟು. ರಿಪಬ್ಲಿಕನ್ ಕಡೆಗೆ ಮಹಿಳೆಯರಲ್ಲಿ ಶೇ. 30.1, ಪುರುಷರಲ್ಲಿ ಶೇ. 39.8. ಪಕ್ಷೇತರರ ಪಾಲು ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಐದರಲ್ಲಿ ಒಂದು.

ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ನಿಜ. ಆದರೆ ಇದು ಇಡೀ ದೇಶದ ಎಣಿಕೆಯಲ್ಲ, ಒಂದು ಮಾದರಿ. ದೇಶದಲ್ಲಿ ಲಿಂಗಕ್ಕೂ ಪಕ್ಷಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ, ಆರಿಸಿದ ಜನರಲ್ಲಿ ಆಕಸ್ಮಿಕವಾಗಿ ಒಂದಿಷ್ಟು ಏರುಪೇರು ಬಂದೇ ಬರುತ್ತದೆ. ಕಂಡ ಏರುಪೇರು ಅಂಥ ಆಕಸ್ಮಿಕದ ಮಿತಿಯೊಳಗಿದೆಯೇ ಎಂಬುದನ್ನೇ ಪರೀಕ್ಷೆ ಕೇಳುತ್ತದೆ.

ಅದಕ್ಕಾಗಿ ಸಂಬಂಧವೇ ಇಲ್ಲದಿದ್ದರೆ ಕೋಷ್ಟಕ ಹೇಗಿರುತ್ತಿತ್ತು ಎಂದು ಮೊದಲು ಲೆಕ್ಕ ಹಾಕಬೇಕು. ಒಟ್ಟು ಜನರಲ್ಲಿ ಡೆಮಾಕ್ರಟಿಕ್ ಒಲವಿನವರ ಪಾಲು 1246/2757, ಅಂದರೆ ಶೇ. 45.2. ಸಂಬಂಧವಿಲ್ಲ ಎಂದಾದರೆ ಮಹಿಳೆಯರಲ್ಲೂ ಇದೇ ಪಾಲು ಇರಬೇಕು. 1557 ಮಹಿಳೆಯರಿಗೆ ಈ ಪಾಲನ್ನು ಹಚ್ಚಿದರೆ ಬರುವುದು 703.7. ಇದು ಆ ಮನೆಯ ನಿರೀಕ್ಷಿತ ಸಂಖ್ಯೆ. ಸೂತ್ರವಾಗಿ ಹೇಳುವುದಾದರೆ, ಅಡ್ಡಸಾಲಿನ ಮೊತ್ತವನ್ನು ಕಂಬಸಾಲಿನ ಮೊತ್ತದಿಂದ ಗುಣಿಸಿ ಒಟ್ಟು ಜನಸಂಖ್ಯೆಯಿಂದ ಭಾಗಿಸಬೇಕು. ಉಳಿದ ಮನೆಗಳಿಗೂ ಹೀಗೆಯೇ ಲೆಕ್ಕ ಮಾಡಿದರೆ ಮಹಿಳೆಯರ ಸಾಲಿನಲ್ಲಿ 703.7, 319.6, 533.7 ಮತ್ತು ಪುರುಷರ ಸಾಲಿನಲ್ಲಿ 542.3, 246.4, 411.3 ಸಿಗುತ್ತವೆ. ನಿರೀಕ್ಷಿತ ಸಂಖ್ಯೆಯಲ್ಲಿ ದಶಮಾಂಶ ಬಂದರೆ ಗಾಬರಿಯಾಗಬೇಕಿಲ್ಲ, ಅದನ್ನು ಪೂರ್ಣಾಂಕ ಮಾಡಲೂಬಾರದು.

ಈಗ ಪ್ರತಿ ಮನೆಯಲ್ಲೂ ಕಂಡ ಸಂಖ್ಯೆಗೂ ನಿರೀಕ್ಷಿತ ಸಂಖ್ಯೆಗೂ ಇರುವ ಅಂತರವನ್ನು ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದಲೇ ಭಾಗಿಸಬೇಕು. ವರ್ಗ ಮಾಡುವುದರಿಂದ ಹೆಚ್ಚಳವೂ ಕೊರತೆಯೂ ಒಂದನ್ನೊಂದು ಹೊಡೆದುಹಾಕುವುದಿಲ್ಲ. ಭಾಗಿಸುವುದರಿಂದ ಅಂತರದ ತೂಕ ಮನೆಯ ಗಾತ್ರಕ್ಕೆ ತಕ್ಕಂತಾಗುತ್ತದೆ, ಏಕೆಂದರೆ 20 ಜನ ನಿರೀಕ್ಷಿಸಿದ ಕಡೆ 10ರ ಅಂತರ ದೊಡ್ಡದು, 2000 ನಿರೀಕ್ಷಿಸಿದ ಕಡೆ ಅದು ಲೆಕ್ಕಕ್ಕಿಲ್ಲ. ಡೆಮಾಕ್ರಟಿಕ್ ಮಹಿಳೆಯರ ಮನೆಯಲ್ಲಿ ಅಂತರ 58.3, ಅದರಿಂದ ಬರುವ ಕೊಡುಗೆ 4.8. ರಿಪಬ್ಲಿಕನ್ ಪುರುಷರ ಮನೆಯದು 10.5. ಪಕ್ಷೇತರರ ಎರಡು ಮನೆಗಳಿಂದ ಸೇರಿ 0.4 ಮಾತ್ರ. ಆರೂ ಮನೆಗಳ ಕೊಡುಗೆಯನ್ನು ಕೂಡಿದರೆ ಬರುವ 30.07 ಎಂಬುದೇ ಕೈ-ಸ್ಕ್ವೇರ್ ಮೌಲ್ಯ.

30 ದೊಡ್ಡದೋ ಚಿಕ್ಕದೋ ಎಂಬುದು ಕೋಷ್ಟಕದ ಗಾತ್ರವನ್ನು ಅವಲಂಬಿಸಿದೆ. ಇಲ್ಲಿ ಮನೆಗಳು ಆರಿದ್ದರೂ ಅಂಚಿನ ಮೊತ್ತಗಳು ಗೊತ್ತಿರುವುದರಿಂದ ಒಂದೇ ಸಾಲಿನ ಎರಡು ಮನೆ ತುಂಬಿದರೆ ಸಾಕು, ಉಳಿದ ನಾಲ್ಕು ಕೂಡಿ ಕಳೆದು ತಾವಾಗಿ ಸಿಗುತ್ತವೆ. ಹೀಗೆ ಇಷ್ಟಬಂದಂತೆ ತುಂಬಬಹುದಾದ ಮನೆಗಳ ಸಂಖ್ಯೆಗೆ ಡಿಗ್ರೀಸ್ ಆಫ್ ಫ್ರೀಡಂ ಎನ್ನುತ್ತಾರೆ. ಸಾಲುಗಳಲ್ಲಿ ಒಂದು ಕಡಿಮೆ, ಕಂಬಗಳಲ್ಲಿ ಒಂದು ಕಡಿಮೆ ಮಾಡಿ ಗುಣಿಸಿದರೆ ಅದು ದೊರೆಯುತ್ತದೆ. ಇಲ್ಲಿ 1 × 2 = 2. ಈಗ ಶಾಲೆಯ ಲೆಕ್ಕದಂತೆ ಸುಲಭವಾಗಿ ಕಾಣುವ ಈ ನಿಯಮ ಒಂದು ಕಾಲಕ್ಕೆ ದೊಡ್ಡ ವಾದಕ್ಕೆ ಕಾರಣವಾಗಿತ್ತು. 1900ರಲ್ಲಿ ಕೈ-ಸ್ಕ್ವೇರ್ ಪರೀಕ್ಷೆಯನ್ನು ಮುಂದಿಟ್ಟ ಕಾರ್ಲ್ ಪಿಯರ್ಸನ್ ಒಟ್ಟು ಮನೆಗಳಲ್ಲಿ ಒಂದನ್ನು ಮಾತ್ರ ಕಳೆಯುತ್ತಿದ್ದರು. ಅವರ ಪ್ರಕಾರ ಈ ಕೋಷ್ಟಕಕ್ಕೆ 5 ಬರುತ್ತಿತ್ತು. ಅಂಚಿನ ಮೊತ್ತಗಳನ್ನೂ ಮಾದರಿಯಿಂದಲೇ ಪಡೆದಿರುವಾಗ ಅದು ಸರಿಯಲ್ಲ ಎಂದು ರೊನಾಲ್ಡ್ ಫಿಶರ್ 1922ರಲ್ಲಿ ತೋರಿಸಿಕೊಟ್ಟರು, ಪಿಯರ್ಸನ್ ಒಪ್ಪಲಿಲ್ಲ. ಫಿಶರ್ ಹೇಳಿದ್ದೇ ಸರಿ.

ಗಣಕದಲ್ಲಿ ಆರ್ ತಂತ್ರಾಂಶಕ್ಕೆ ಈ ಆರು ಸಂಖ್ಯೆಗಳನ್ನು ಕೊಟ್ಟರೆ ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ:

```
X-squared = 30.07, df = 2, p-value = 2.954e-07
```

ಕೊನೆಯದು ಪಿ-ಮೌಲ್ಯ. ಎರಡೂ ಪ್ರಶ್ನೆಗಳಿಗೆ ನಿಜವಾಗಿ ಸಂಬಂಧವಿಲ್ಲದಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಕೈ-ಸ್ಕ್ವೇರ್ ಬರುವ ಸಂಭವ ಕೋಟಿಗೆ ಮೂರರಷ್ಟು ಎಂದು ಅದರ ಅರ್ಥ. 2 ಡಿಗ್ರಿಗೆ ವಾಡಿಕೆಯ ಶೇ. 5ರ ಗಡಿ 5.99. 30.07 ಅದನ್ನು ಎಷ್ಟೋ ದೂರ ದಾಟಿದೆ, ಆದ್ದರಿಂದ ಸಂಬಂಧವಿಲ್ಲ ಎಂಬ ಊಹೆಯನ್ನು ಕೈಬಿಡಬೇಕು. ‘ಸಂಬಂಧ ಇಲ್ಲದಿರುವ ಸಂಭವ ಕೋಟಿಗೆ ಮೂರು’ ಎಂದು ಇದನ್ನು ಓದುವವರಿದ್ದಾರೆ. ಅದು ತಪ್ಪು, ಸಂಬಂಧವಿಲ್ಲ ಎಂದು ಊಹಿಸಿಕೊಂಡೇ ಈ ಲೆಕ್ಕ ಹೊರಟಿದೆ.

ಸಂಬಂಧ ಎಷ್ಟು ಗಟ್ಟಿ ಎಂಬುದನ್ನೂ ಪಿ-ಮೌಲ್ಯ ಹೇಳುವುದಿಲ್ಲ. ಶೇಕಡಾವಾರು ಒಂದಿಷ್ಟೂ ಬದಲಾಗದೆ ಜನರ ಸಂಖ್ಯೆ ಮಾತ್ರ ಹತ್ತನೇ ಒಂದರಷ್ಟಿದ್ದರೆ ಕೈ-ಸ್ಕ್ವೇರ್ ಕೂಡ ಹತ್ತನೇ ಒಂದಕ್ಕೆ, ಅಂದರೆ 3ಕ್ಕೆ ಇಳಿದು 5.99ರ ಗಡಿಯೊಳಗೇ ಉಳಿಯುತ್ತಿತ್ತು. ಗಟ್ಟಿತನವನ್ನು ಅಳೆಯಲು ಕೈ-ಸ್ಕ್ವೇರ್ ಅನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆಯುತ್ತಾರೆ. ಕಂಬ ಅಥವಾ ಸಾಲು ಎರಡೇ ಇದ್ದಾಗ ಇದೇ ಕ್ರೇಮರನ ವಿ. ಇದು 0ಯಿಂದ 1ರವರೆಗೆ ಇರುತ್ತದೆ. ಇಲ್ಲಿ ಬರುವುದು 0.10. ಸಂಬಂಧ ಇರುವುದು ಬಹುಮಟ್ಟಿಗೆ ಖಚಿತ, ಆದರೆ ಅದು ತೆಳುವಾದದ್ದು. ಒಬ್ಬರು ಮಹಿಳೆ ಎಂದು ತಿಳಿದ ಮಾತ್ರಕ್ಕೆ ಅವರ ಪಕ್ಷವನ್ನು ಊಹಿಸಲಾಗದು. ಈ ಸಂಬಂಧ ಎಲ್ಲಿ ಅಡಗಿದೆ ಎಂಬುದಕ್ಕೆ ಮತ್ತೆ ಮನೆಗಳ ಕೊಡುಗೆಯನ್ನೇ ನೋಡಬೇಕು. ಅದು ಎರಡು ದೊಡ್ಡ ಪಕ್ಷಗಳ ಮನೆಗಳಲ್ಲಿದೆ, ಪಕ್ಷೇತರರಲ್ಲಿ ಇಲ್ಲವೆಂದೇ ಹೇಳಬಹುದು.

ಲೆಕ್ಕ ಕೆಡುವ ದಾರಿಗಳೂ ಇವೆ. ಶೇಕಡಾವಾರುಗಳನ್ನೇ ಮನೆಗಳಲ್ಲಿ ತುಂಬಿದರೆ ಉತ್ತರ ಅರ್ಥಹೀನ, ಜನರ ಎಣಿಕೆಯೇ ಬೇಕು. ಒಬ್ಬರು ಒಂದೇ ಮನೆಯಲ್ಲಿರಬೇಕು. ‘ಅನ್ವಯಿಸುವ ಎಲ್ಲವನ್ನೂ ಗುರುತಿಸಿ’ ಎಂಬ ಪ್ರಶ್ನೆಗೆ ಒಬ್ಬರೇ ಮೂರು ಕಡೆ ಗುರುತು ಹಾಕುವುದರಿಂದ ಅಂಥ ಕೋಷ್ಟಕಕ್ಕೆ ಈ ಪರೀಕ್ಷೆ ಹೊಂದದು. ನಿರೀಕ್ಷಿತ ಸಂಖ್ಯೆ ಹಲವು ಮನೆಗಳಲ್ಲಿ 5ಕ್ಕಿಂತ ಕಡಿಮೆಯಾದರೆ ಪಿ-ಮೌಲ್ಯವನ್ನು ನಂಬಲಾಗದು. ಆಗ ಅರ್ಥ ಕೆಡದಂತೆ ವರ್ಗಗಳನ್ನು ಕೂಡಿಸಬೇಕು, ಇಲ್ಲವೇ ಫಿಶರನ ನಿಖರ ಪರೀಕ್ಷೆಗೆ ಹೋಗಬೇಕು.

ಇನ್ನೊಂದು ತೊಡಕು ದೊಡ್ಡ ಸಮೀಕ್ಷೆಗಳಿಗೇ ಸೇರಿದ್ದು. ಪ್ರತಿಯೊಬ್ಬರನ್ನೂ ಚೀಟಿ ಎತ್ತಿದಂತೆ ಬೇರೆಬೇರೆಯಾಗಿ ಆರಿಸಲಾಗಿದೆ ಎಂದು ಕೈ-ಸ್ಕ್ವೇರ್ ಭಾವಿಸುತ್ತದೆ. ಆದರೆ ಜನರಲ್ ಸೋಶಿಯಲ್ ಸರ್ವೆಯಂಥವು ಮೊದಲು ಪ್ರದೇಶಗಳನ್ನು, ಆಮೇಲೆ ಅವುಗಳೊಳಗಿನ ಮನೆಮಂದಿಯನ್ನು ಆರಿಸುತ್ತವೆ. ಒಂದೇ ಬಡಾವಣೆಯವರ ಉತ್ತರಗಳು ಒಂದನ್ನೊಂದು ಹೋಲುವುದರಿಂದ ಸಾಮಾನ್ಯ ಲೆಕ್ಕದ ಕೈ-ಸ್ಕ್ವೇರ್ ಇರಬೇಕಾದದ್ದಕ್ಕಿಂತ ದೊಡ್ಡದಾಗಿ ಬರುವ ಸಾಧ್ಯತೆ ಹೆಚ್ಚು. ಇದನ್ನು ಸರಿಪಡಿಸುವ ಕ್ರಮವನ್ನು ಜೆ. ಎನ್. ಕೆ. ರಾವ್ ಮತ್ತು ಅಲಸ್ಟೇರ್ ಸ್ಕಾಟ್ 1980ರ ದಶಕದಲ್ಲಿ ರೂಪಿಸಿದರು. 30.07ರಂಥ ಮೌಲ್ಯ ಸಾಮಾನ್ಯವಾಗಿ ಈ ತಿದ್ದುಪಡಿಯ ನಂತರವೂ ಗಡಿಯಾಚೆಗೇ ಇರುತ್ತದೆ, 6 ಅಥವಾ 7 ಬಂದಿದ್ದರೆ ಆ ಮಾತು ಹೇಳಲಾಗದು.