ಬರಹದ ತಬ್ಬಿಬ್ಬನ್ನು ಅಳೆಯುವ ಬಗೆ

ಒಂದು ಬರಹವನ್ನು ಯಂತ್ರವೊಂದರ ಮುಂದಿಟ್ಟರೆ, ಅದು ಮನುಷ್ಯನು ಬರೆದುದೋ ಇನ್ನೊಂದು ಯಂತ್ರವು ಹೆಣೆದುದೋ ಎಂದು ಅದು ತೀರ್ಪು ಕೊಡುವ ಕಾಲವಿದು. 2023ರ ಜನವರಿಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಎಡ್ವರ್ಡ್ ಟಿಯಾನ್ ಎಂಬಾತನು ಜಿಪಿಟಿ ಜೀರೋ ಎಂಬ ಇಂತಹುದೊಂದು ಸಾಧನವನ್ನು ಹೊರತಂದನು. ಅದು ಮೊದಲಿಗೆ ನೆಚ್ಚಿಕೊಂಡಿದ್ದುದು ಎರಡು ಅಳತೆಗಳನ್ನು: ಪರ್ಪ್ಲೆಕ್ಸಿಟಿ ಮತ್ತು ಬರ್ಸ್ಟಿನೆಸ್. ಈಚಿನ ಸಾಧನಗಳು ಇವಕ್ಕೆ ಬೇರೆ ಪರೀಕ್ಷೆಗಳನ್ನೂ ಕೂಡಿಸಿಕೊಂಡಿವೆ. ಆದರೂ ಮೂಲದ ಕಲ್ಪನೆಗಳು ಇವೇ. ಹೆಸರು ಕೇಳಿ ಅಂಜಬೇಕಾದುದಿಲ್ಲ. ಮೊದಲನೆಯದು ನಾವು ಆಡುಮಾತಿನಲ್ಲಿ ತಬ್ಬಿಬ್ಬು ಎನ್ನುವುದರ ಲೆಕ್ಕ. ಎರಡನೆಯದು ಆ ತಬ್ಬಿಬ್ಬಿನ ಏರಿಳಿತದ ಲೆಕ್ಕ.

ಇದರ ಬೇರು ಒಂದು ಆಟದಲ್ಲಿದೆ. 1951ರಲ್ಲಿ ಕ್ಲಾಡ್ ಷಾನನ್ ಎಂಬ ಅಮೆರಿಕದ ಗಣಿತಜ್ಞನು ಇಂಗ್ಲಿಷ್ ಗದ್ಯದ ಒಂದು ತುಣುಕನ್ನು ಮರೆಮಾಡಿ, ಅದರ ಅಕ್ಷರಗಳನ್ನು ಒಂದೊಂದಾಗಿ ಊಹಿಸುವಂತೆ ಓದುಗರಿಗೆ ಹೇಳಿದನು. ಊಹೆ ಸರಿಯಾದ ಮೇಲೆ ಮುಂದಿನ ಅಕ್ಷರ. ಆತನು ಪ್ರಕಟಿಸಿದ ಒಂದು ಉದಾಹರಣೆಯಲ್ಲಿ, ಪದಗಳ ನಡುವಣ ತೆರಪನ್ನೂ ಸೇರಿಸಿ ಒಟ್ಟು 102 ಅಕ್ಷರಗಳಿದ್ದುವು. ಅವುಗಳಲ್ಲಿ 79 ಮೊದಲ ಊಹೆಯಲ್ಲಿಯೇ ಸರಿಯಾದುವು. ಭಾಷೆಯು ನಾವು ತಿಳಿದಷ್ಟು ಸ್ವತಂತ್ರವಲ್ಲ; ಮುಂದಿನದರ ಸುಳಿವು ಹಿಂದಿನದರಲ್ಲಿಯೇ ಬಹುಪಾಲು ಅಡಗಿರುತ್ತದೆ. ಇಂದಿನ ಭಾಷಾಯಂತ್ರಗಳು ಆಡುವುದೂ ಇದೇ ಆಟವನ್ನು. ಹಿಂದಿನ ಮಾತುಗಳನ್ನು ನೋಡಿ, ಮುಂದೆ ಬರಬಹುದಾದ ಒಂದೊಂದು ಪದಕ್ಕೂ ಇಂತಿಷ್ಟು ಸಂಭವ ಎಂದು ಅವು ಬೆಲೆ ಕಟ್ಟುತ್ತವೆ.

ಒಂದು ವಾಕ್ಯವನ್ನು ತೆಗೆದುಕೊಂಡು ಲೆಕ್ಕ ಮಾಡೋಣ: 'ಸಾಯಂಕಾಲ ಸೂರ್ಯನು ಪಶ್ಚಿಮದಲ್ಲಿ ಮುಳುಗಿದನು.' ಹಿಂದಿನ ಮಾತುಗಳ ಬಲದಿಂದ ಯಂತ್ರವು 'ಸಾಯಂಕಾಲ' ಎಂಬುದಕ್ಕೆ 1/8, 'ಸೂರ್ಯನು' ಎಂಬುದಕ್ಕೆ 1/4, 'ಪಶ್ಚಿಮದಲ್ಲಿ' ಎಂಬುದಕ್ಕೆ 1/4, 'ಮುಳುಗಿದನು' ಎಂಬುದಕ್ಕೆ 1/2 ಸಂಭವವನ್ನು ಕೊಟ್ಟಿತೆಂದು ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ನಾವು ಆರಿಸಿಕೊಂಡವು. ನಾಲ್ಕನ್ನೂ ಗುಣಿಸಿದರೆ 1/256 ಬರುತ್ತದೆ. ಇದನ್ನು ತಲೆಕೆಳಗು ಮಾಡಿದರೆ 256. ಪದಗಳು ನಾಲ್ಕಾದುದರಿಂದ ಇದರ ನಾಲ್ಕನೆಯ ಮೂಲವನ್ನು ತೆಗೆಯಬೇಕು, ಅದು 4. ಈ 4 ಎಂಬುದೇ ವಾಕ್ಯದ ಪರ್ಪ್ಲೆಕ್ಸಿಟಿ. ಎಂದರೆ, ಒಂದೊಂದು ಪದದ ಎದುರಿಗೂ ಯಂತ್ರವು ನಾಲ್ಕು ಸಮಾನ ದಾರಿಗಳು ಕೂಡುವ ಚೌಕದಲ್ಲಿ ನಿಂತವನಷ್ಟು ತಬ್ಬಿಬ್ಬಾಯಿತು, ಅದಕ್ಕಿಂತ ಹೆಚ್ಚಿಲ್ಲ.

ಈಗ ಕೊನೆಯ ಪದವೊಂದನ್ನು ಬದಲಾಯಿಸಿ, 'ಸಾಯಂಕಾಲ ಸೂರ್ಯನು ಪಶ್ಚಿಮದಲ್ಲಿ ತಡವರಿಸಿದನು' ಎನ್ನೋಣ. ಸೂರ್ಯನು ತಡವರಿಸುವುದು ಅಪರೂಪ. ಅದಕ್ಕೆ ಯಂತ್ರವು 1/512 ಮಾತ್ರ ಕೊಟ್ಟಿತೆನ್ನಿ. ಗುಣಲಬ್ಧವು 1/65536 ಆಗುತ್ತದೆ. 65536ರ ನಾಲ್ಕನೆಯ ಮೂಲ 16. ಒಂದೇ ಪದದಿಂದ ತಬ್ಬಿಬ್ಬು ನಾಲ್ಕು ಮಡಿಯಾಯಿತು. ವಾಕ್ಯವು ಹೆಚ್ಚು ಸೊಗಸಾಯಿತೋ ಕೆಟ್ಟಿತೋ ಎಂಬುದನ್ನು ಈ ಅಂಕಿಯು ಹೇಳುವುದಿಲ್ಲ. ಅಚ್ಚಿನ ತಪ್ಪಿನಿಂದಲೂ ಅದು ಹೀಗೆಯೇ ಏರುತ್ತದೆ.

ಇನ್ನು ಬರ್ಸ್ಟಿನೆಸ್. ಸಂಖ್ಯಾಶಾಸ್ತ್ರದಲ್ಲಿ ಈ ಮಾತು ಹಳೆಯದು. ಘಟನೆಗಳು ಸಮವಾಗಿ ಹರಡದೆ ಹಿಂಡುಹಿಂಡಾಗಿ ಬರುವುದನ್ನು ಅದು ಸೂಚಿಸುತ್ತದೆ. ಬಹಳ ಹೊತ್ತು ಬಾರದ ಬಸ್ಸುಗಳು ಒಮ್ಮೆಗೇ ಮೂರು ಬರುವುದಿಲ್ಲವೆ, ಹಾಗೆ. ಪತ್ತೆಯ ಸಾಧನಗಳಲ್ಲಿ ಅದರ ಅರ್ಥ ಸ್ವಲ್ಪ ಬೇರೆ: ವಾಕ್ಯದಿಂದ ವಾಕ್ಯಕ್ಕೆ ತಬ್ಬಿಬ್ಬು ಎಷ್ಟು ಏರಿಳಿಯುತ್ತದೆ ಎಂಬುದು. ಒಬ್ಬನ ನಾಲ್ಕು ವಾಕ್ಯಗಳ ಅಂಕಗಳು 15, 17, 16, 16. ಇನ್ನೊಬ್ಬನವು 4, 40, 6, 14 ಆಗಿರಲಿ. ಇಬ್ಬರದೂ ಸರಾಸರಿ 16. ಆದರೆ ಮೊದಲಿನವನ ಅಂಕಗಳು ಸರಾಸರಿಯಿಂದ ದೂರ ಸರಿಯುವುದು ವಾಕ್ಯಕ್ಕೆ ಅರ್ಧದಷ್ಟು, ಎರಡನೆಯವನವು 12ರಷ್ಟು. ಮನುಷ್ಯನು ಒಂದೆಡೆ ಸಪ್ಪೆಯಾಗಿ ಬರೆದು ಇನ್ನೊಂದೆಡೆ ಥಟ್ಟನೆ ಹಾರುತ್ತಾನೆ, ಯಂತ್ರವು ಒಂದೇ ಹದದಲ್ಲಿ ನಡೆಯುತ್ತದೆ ಎಂಬುದು ಇದರ ಹಿಂದಿನ ಊಹೆ. ನಾಲ್ಕಾರು ವಾಕ್ಯಗಳ ತುಣುಕಿನಲ್ಲಿ ಈ ಏರಿಳಿತದ ಅಳತೆಗೆ ಬೆಲೆಯಿಲ್ಲ. ಎರಡನೆಯವನ 40 ಎಂಬ ಒಂದು ವಾಕ್ಯವನ್ನು ತೆಗೆದುಹಾಕಿ ನೋಡಿದರೆ ವಾಚಕರಿಗೇ ಇದು ಮನದಟ್ಟಾಗುವುದು.

ಬರೆಯುವ ಯಂತ್ರವು ಸಂಭವ ಹೆಚ್ಚಾಗಿರುವ ಪದಗಳನ್ನೇ ಬಹುಮಟ್ಟಿಗೆ ಆಯುತ್ತದೆ. ಆದುದರಿಂದ ಅದೇ ಬಗೆಯ ಇನ್ನೊಂದು ಯಂತ್ರವು ಅದನ್ನು ಓದುವಾಗ ತಬ್ಬಿಬ್ಬಾಗುವುದು ಕಡಮೆ. ಅಂಕವು ಒಂದು ಗೆರೆಗಿಂತ ಕೆಳಗಿದ್ದರೆ ಯಂತ್ರದ ಬರಹ, ಮೇಲಿದ್ದರೆ ಮನುಷ್ಯನದು ಎಂಬುದು ತೀರ್ಪಿನ ಕ್ರಮ. ತರ್ಕದ ತೊಡಕು ಇಲ್ಲಿಯೇ ಇದೆ. ಯಂತ್ರದ ಬರಹಕ್ಕೆ ತಬ್ಬಿಬ್ಬು ಕಡಮೆ ಎಂಬುದರಿಂದ, ತಬ್ಬಿಬ್ಬು ಕಡಮೆಯಿರುವುದೆಲ್ಲ ಯಂತ್ರದ ಬರಹ ಎಂದಾಗುವುದಿಲ್ಲ. ಅಮೆರಿಕದ ಸಂವಿಧಾನವನ್ನು ಕೊಟ್ಟಾಗ ಅದೂ ಯಂತ್ರದ ಕೃತಿಯೆಂಬ ತೀರ್ಪು ಬಂದದ್ದುಂಟು! ಆ ಸಂವಿಧಾನವನ್ನು ಯಂತ್ರಗಳು ಕಲಿಯುವಾಗ ಮತ್ತೆ ಮತ್ತೆ ಓದಿವೆ. ಬಾಯಿಪಾಠವಾದುದನ್ನು ಕೇಳಿ ಯಾರು ತಬ್ಬಿಬ್ಬಾಗುತ್ತಾರೆ?

ಇದಕ್ಕಿಂತ ಕಷ್ಟದ ಸಂಗತಿಯು 2023ರಲ್ಲಿಯೇ ಹೊರಬಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಸಾಧನಗಳಿಗೆ ಒಡ್ಡಿದರು. ಎಲ್ಲವೂ ಮನುಷ್ಯರ ಬರಹಗಳೇ. ಸರಾಸರಿಯಲ್ಲಿ ನೂರಕ್ಕೆ 61ರಷ್ಟು ಯಂತ್ರದ ಬರಹಗಳೆನಿಸಿಕೊಂಡುವು. 89 ಪ್ರಬಂಧಗಳು ಒಂದಾದರೂ ಸಾಧನದಿಂದ ಕಳಂಕ ಹೊತ್ತುವು. ಕಾರಣ ಗೂಢವಲ್ಲ. ಕಲಿತ ಭಾಷೆಯಲ್ಲಿ ಬರೆಯುವವನು ತನಗೆ ಖಚಿತವಾಗಿ ಗೊತ್ತಿರುವ ಪದಗಳನ್ನೂ ಪಳಗಿದ ವಾಕ್ಯಗಳನ್ನೂ ಬಳಸುತ್ತಾನೆ. ಅಂತಹ ಬರಹದಲ್ಲಿ ತಬ್ಬಿಬ್ಬು ಕಡಮೆ. ಸಂಶೋಧಕರು ಆ ಪ್ರಬಂಧಗಳ ಪದಸಂಪತ್ತನ್ನು ಯಂತ್ರದಿಂದಲೇ ಹೆಚ್ಚಿಸಿ ಮತ್ತೆ ಪರೀಕ್ಷಿಸಿದಾಗ, ತಪ್ಪು ತೀರ್ಪುಗಳು ನೂರಕ್ಕೆ ಸುಮಾರು 12ಕ್ಕೆ ಇಳಿದುವು. ಯಂತ್ರವು ಕೈಯಾಡಿಸಿದ ಮೇಲೆ ಬರಹಗಳು ಹೆಚ್ಚು ಮಾನವೀಯವಾಗಿ ಕಂಡದ್ದು ನಗೆ ತರಿಸುವ ಸಂಗತಿಯೇ ಸರಿ. ಪೆಟ್ಟು ತಿಂದ ವಿದ್ಯಾರ್ಥಿಗೆ ಮಾತ್ರ ನಗು ಬಾರದು.

ಕನ್ನಡದಲ್ಲಿ ಬರೆಯುವವರು ತಿಳಿದಿರಬೇಕಾದುದು ಇನ್ನೊಂದಿದೆ. ಯಂತ್ರವು ಪದಗಳನ್ನು ಇಡಿಯಾಗಿ ಎಣಿಸುವುದಿಲ್ಲ, ತುಂಡು ಮಾಡಿ ಎಣಿಸುತ್ತದೆ. ಅದರ ಪರಿಚಯ ಕಡಮೆಯಿರುವ ಲಿಪಿಯಾದರೆ ಅಕ್ಷರವೇ ತುಂಡಾಗುವುದುಂಟು. ಗಣಕದಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಯನ್ನೂ ಮೂರು ಸಂಖ್ಯೆಗಳಿಂದ ಬರೆಯುತ್ತಾರೆ. ಮೊದಲನೆಯದು ಯಾವಾಗಲೂ 224. ಎರಡನೆಯದು 178 ಅಥವಾ 179. ಮೂರನೆಯದರಲ್ಲಿ ಮಾತ್ರ ನಿಜವಾದ ಆಯ್ಕೆ. ಮುಂದಿನ ಚಿಹ್ನೆಗೆ ಎಂಟು ಸಮಾನ ಸಾಧ್ಯತೆಗಳಿವೆಯೆಂದೂ, ಅವು 178, 179 ಎರಡರಲ್ಲಿಯೂ ಸಮವಾಗಿ ಹಂಚಿವೆಯೆಂದೂ ಭಾವಿಸೋಣ. ಮೊದಲ ತುಂಡಿಗೆ ಒಂದೇ ದಾರಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಗುಣಿಸಿದರೆ 8. ಚಿಹ್ನೆಯ ಲೆಕ್ಕದಲ್ಲಿ ಪರ್ಪ್ಲೆಕ್ಸಿಟಿ 8 ಆದರೂ, ತುಂಡಿನ ಲೆಕ್ಕದಲ್ಲಿ ಅದು 8ರ ಘನಮೂಲ, ಎಂದರೆ 2. ಬರಹವು ಬದಲಾಗಲಿಲ್ಲ, ಎಣಿಸುವ ಘಟಕ ಮಾತ್ರ ಬದಲಾಯಿತು. ಹೀಗಾಗಿ ಇಂಗ್ಲಿಷ್ ಬರಹಕ್ಕೆಂದು ಎಳೆದ ಗೆರೆಯಿಂದ ಕನ್ನಡದ ಬರಹವನ್ನು ಅಳೆಯುವುದು, ಗಜದ ಅಂಕಿಯನ್ನು ಅಡಿಯೆಂದು ಓದಿದಂತೆ. ಯಾರಾದರೂ ನಮ್ಮ ಬರಹಕ್ಕೆ ಇಂತಹ ಅಂಕವನ್ನು ಹಚ್ಚಿದರೆ, ಯಾವ ಯಂತ್ರದಿಂದ ಅಳೆದಿರಿ, ಯಾವ ಘಟಕದಲ್ಲಿ ಎಣಿಸಿದಿರಿ, ಮನುಷ್ಯರೇ ಬರೆದ ಎಷ್ಟು ಕನ್ನಡ ಲೇಖನಗಳು ಆ ಗೆರೆಯ ಕೆಳಗೆ ಬಿದ್ದಿವೆ ಎಂದು ಕೇಳುವ ಹಕ್ಕು ನಮಗಿದೆ.