ಡಿಸೆಂಬರ್ ಪತ್ರಕ್ಕೆ ಸೆಪ್ಟೆಂಬರ್‌ನಲ್ಲೇ ಕೇಳಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್. ಓದಲು ಅರ್ಜಿ ಹಾಕುವ ಗಡುವು ಹೆಚ್ಚಾಗಿ ಡಿಸೆಂಬರ್ 1ರಿಂದ ಜನವರಿ ಮಧ್ಯದೊಳಗೆ ಬೀಳುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಟರ್ನಲ್ಸ್, ಪ್ರಾಕ್ಟಿಕಲ್ಸ್, ಸೆಮಿಸ್ಟರ್ ಪರೀಕ್ಷೆ, ವ್ಯಾಲ್ಯುಯೇಷನ್ ಎಲ್ಲವೂ ಒಂದರ ಬೆನ್ನಿಗೊಂದು ಬರುವುದೂ ಸಾಮಾನ್ಯವಾಗಿ ಅದೇ ದಿನಗಳಲ್ಲಿ. ಮೂರು ವರ್ಷದ ಹಿಂದೆ ಪಾಸಾಗಿ ಹೋದ ವಿದ್ಯಾರ್ಥಿ ಆಗ ವಾಟ್ಸಾಪ್‌ನಲ್ಲಿ ಕಾಣಿಸಿಕೊಳ್ಳುತ್ತಾನೆ: “ಸರ್, ಒಂದು ಎಲ್‌ಒಆರ್ ಬೇಕಿತ್ತು, ನಾಡಿದ್ದು ಲಾಸ್ಟ್ ಡೇಟ್.” ಮೇಷ್ಟ್ರು ಇಲ್ಲ ಅನ್ನುವುದಿಲ್ಲ. ರಾತ್ರಿ ಕೂತು ಅರ್ಧ ಪುಟ ಬರೆದು ಕಳಿಸುತ್ತಾರೆ. ಈತ ಶ್ರಮಜೀವಿ, ಶಿಸ್ತಿನವನು, ಎಲ್ಲರೊಡನೆ ಬೆರೆಯುವವನು ಎಂದು ಅದರಲ್ಲಿ ಇರುತ್ತದೆ. ಯಾರ ಹೆಸರು ಹಾಕಿದರೂ ಒಪ್ಪುವ ಪತ್ರ ಅದು. ಹಾಗಾಗಿಯೇ ಯಾರಿಗೂ ಉಪಯೋಗವಿಲ್ಲ.

ಪ್ರವೇಶ ಸಮಿತಿಯ ಮುಂದೆ ಅಂಕಪಟ್ಟಿ ಇರುತ್ತದೆ, ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಬರೆದುಕೊಂಡ ಉದ್ದೇಶ ಪತ್ರ ಇರುತ್ತದೆ. ಬೇರೊಬ್ಬರು ಕಣ್ಣಾರೆ ಕಂಡದ್ದು ಸಿಗುವುದು ಶಿಫಾರಸು ಪತ್ರದಲ್ಲಿ ಮಾತ್ರ. ಸಾಮಾನ್ಯವಾಗಿ ಮೂರು ಪತ್ರ ಕೇಳುತ್ತಾರೆ. ಬರೆಯುವವರಿಗೆ ಬರುವ ಫಾರಂನಲ್ಲಿ ಇನ್ನೂ ಕೆಲವು ಪ್ರಶ್ನೆಗಳಿರುತ್ತವೆ. ಈ ವಿದ್ಯಾರ್ಥಿಯನ್ನು ಎಷ್ಟು ಕಾಲದಿಂದ, ಯಾವ ಸಂಬಂಧದಲ್ಲಿ ಬಲ್ಲಿರಿ? ನೀವು ಪಾಠ ಹೇಳಿದವರ ನಡುವೆ ಈಕೆ ಮೊದಲ ಶೇಕಡಾ 5ರಲ್ಲೋ, 10ರಲ್ಲೋ, 25ರಲ್ಲೋ? ಒಂದು ಬ್ಯಾಚಿಗೆ ಅರವತ್ತು, ನೂರಿಪ್ಪತ್ತು ಮಕ್ಕಳನ್ನು ಕಾಣುವ ಪ್ರಾಧ್ಯಾಪಕರಿಗೆ ಮೂರು ವರ್ಷದ ಹಿಂದಿನ ಮುಖ ನೆನಪಿರಬಹುದು, ಆ ಮುಖ ಏನು ಮಾಡಿತ್ತು ಎಂಬುದು ಮಸುಕಾಗಿರುತ್ತದೆ. ಆ ನೆನಪನ್ನು ಒದಗಿಸಿಕೊಡುವುದು ಕೇಳುವವರ ಕೆಲಸ.

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ತುಮಕೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಪಾವಗಡ ಸುತ್ತಿನ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆದಿದ್ದಳು. ಮೂರು ವರ್ಷದಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿ ಮಳೆನೀರು ಚರಂಡಿಗಳ ವಿನ್ಯಾಸ ಮಾಡುತ್ತಿದ್ದಾಳೆ. ಈಗ ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡುವ ಆಸೆ, ಆರು ವಿಶ್ವವಿದ್ಯಾಲಯಗಳಿಗೆ ಅರ್ಜಿ, ಮೊದಲ ಗಡುವು ಡಿಸೆಂಬರ್ 15.

ಯಾರನ್ನು ಕೇಳಬೇಕು ಎನ್ನುವಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಪ್ರಿನ್ಸಿಪಾಲರ ಸಹಿ, ಎಚ್‌ಒಡಿಯ ಸಹಿ ಇದ್ದರೆ ತೂಕ ಹೆಚ್ಚು ಎಂದು ಮನೆಯವರೂ ಹೇಳುತ್ತಾರೆ. ಎಚ್‌ಒಡಿ ಅವಳಿಗೆ ಪಾಠ ಮಾಡಿರದಿದ್ದರೆ ಅವರು ಬರೆಯುವುದಕ್ಕೆ ಏನಿದೆ? ಪದವಿ ಸಣ್ಣದಾದರೂ ಪ್ರಾಜೆಕ್ಟ್ ಗೈಡ್ ಆಗಿದ್ದ ಮೇಡಂ ಇಡೀ ಸೆಮಿಸ್ಟರ್ ಅವಳ ಲ್ಯಾಬ್ ಪುಸ್ತಕ ನೋಡಿದವರು. ಮೊದಲ ಪತ್ರ ಅವರದ್ದೇ ಆಗಬೇಕು. ಎರಡನೆಯದು ಅವಳು ಒಳ್ಳೆಯ ಅಂಕ ತೆಗೆದ ವಿಷಯದ ಮೇಷ್ಟ್ರದ್ದು. ಮೂರನೆಯದು ಕಂಪನಿಯಿಂದ.

ಕಂಪನಿಯ ವಿಚಾರ ಸ್ವಲ್ಪ ಬೇರೆ. ಎಚ್‌ಆರ್ ಕೊಡುವ ಅನುಭವ ಪತ್ರ ಶಿಫಾರಸು ಪತ್ರವಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಹುದ್ದೆಯಲ್ಲಿದ್ದರು ಎಂಬಷ್ಟೇ ಅದರಲ್ಲಿರುತ್ತದೆ. ಲೆಟರ್‌ಹೆಡ್‌ನಲ್ಲಿ ಉದ್ಯೋಗಿಯ ಬಗ್ಗೆ ಅಭಿಪ್ರಾಯ ಬರೆಯಲು ಹಲವು ಕಂಪನಿಗಳು ಬಿಡುವುದಿಲ್ಲ. ಈಗಿನ ಮ್ಯಾನೇಜರನ್ನು ಕೇಳಿದರೆ ಕೆಲಸ ಬಿಡುವ ಸುದ್ದಿಯನ್ನು ವರ್ಷ ಮೊದಲೇ ಹೇಳಿದಂತಾಗುತ್ತದೆ. ಇವಳಿಗೆ ಎರಡು ವರ್ಷ ಕೆಲಸ ಹೇಳಿಕೊಟ್ಟು ಆಮೇಲೆ ಬೇರೆ ಕಂಪನಿಗೆ ಹೋದ ಹಳೆಯ ಮ್ಯಾನೇಜರ್ ಇದ್ದರೆ ಅವರೇ ಸರಿಯಾದ ಆಯ್ಕೆ. ಆಗ ಎಲ್ಲಿ, ಯಾವ ಹುದ್ದೆಯಲ್ಲಿ ಅವಳ ಮೇಲಧಿಕಾರಿಯಾಗಿದ್ದೆ ಎಂದು ಮೊದಲ ಸಾಲಿನಲ್ಲೇ ಹೇಳಿ ಅವರು ವೈಯಕ್ತಿಕವಾಗಿ ಬರೆಯಬಹುದು. ಆದರೂ ಅವರ ಈಗಿನ ಕಂಪನಿಯ ನಿಯಮ ಏನೆಂದು ಅವರನ್ನೇ ಕೇಳಿ ತಿಳಿಯುವುದು ಒಳ್ಳೆಯದು.

ಇನ್ನು ಕೇಳುವ ರೀತಿ. ತುಮಕೂರು ದೂರವೇನಲ್ಲ, ಹೋಗಿ ಭೇಟಿಯಾದರೆ ಚೆನ್ನ; ಆಗದಿದ್ದರೆ ಫೋನ್. ಯಾವುದಾದರೂ ಸರಿ, ಅದರ ಹಿಂದೆಯೇ ಒಂದು ಇಮೇಲ್ ಹೋಗಲೇಬೇಕು, ಏಕೆಂದರೆ ಬರೆಯಲು ಕೂತಾಗ ಮೇಡಂ ಹುಡುಕುವುದು ಅದನ್ನೇ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅವಳು ಹೀಗೆ ಬರೆಯಬಹುದು:

“ಮೇಡಂ, ನಮಸ್ಕಾರ. ನಾನು 2022ರ ಬ್ಯಾಚಿನವಳು. ಪಾವಗಡದ ಕೊಳವೆ ಬಾವಿಗಳ ಫ್ಲೋರೈಡ್ ಪ್ರಾಜೆಕ್ಟಿಗೆ ನೀವು ನಮ್ಮ ತಂಡದ ಗೈಡ್ ಆಗಿದ್ದಿರಿ. ಆಮೇಲೆ ಮೂರು ವರ್ಷ ಚರಂಡಿ ವಿನ್ಯಾಸದ ಕೆಲಸ ಮಾಡಿದ್ದೇನೆ. ಈಗ ಕುಡಿಯುವ ನೀರಿನ ಶುದ್ಧೀಕರಣದಲ್ಲಿ ಎಂ.ಎಸ್. ಮಾಡಬೇಕೆಂದು ಆರು ಕಡೆ ಅರ್ಜಿ ಹಾಕುತ್ತಿದ್ದೇನೆ. ಲ್ಯಾಬಿನಲ್ಲಿ ನಾನು ಕೆಲಸ ಮಾಡಿದ್ದನ್ನು ಹತ್ತಿರದಿಂದ ನೋಡಿದವರು ನೀವು. ನನ್ನ ಬಗ್ಗೆ ವಿಶ್ವಾಸದಿಂದ ಬರೆಯಬಹುದು ಅನ್ನಿಸಿದರೆ ಒಂದು ಶಿಫಾರಸು ಪತ್ರ ಕೊಡುತ್ತೀರಾ? ಮೊದಲ ಗಡುವು ಡಿಸೆಂಬರ್ 15. ನವೆಂಬರ್ 25ರ ಒಳಗೆ ಆದರೆ ಪರೀಕ್ಷೆಯ ಗಡಿಬಿಡಿಗೆ ಮೊದಲೇ ನಿಮಗೂ ಮುಗಿದಂತಾಗುತ್ತದೆ. ಈ ಸಲ ಕೆಲಸ ಹೆಚ್ಚಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ಹೇಳಿ, ಬೇರೆಯವರನ್ನು ಕೇಳಲು ನನಗೆ ಸಮಯವಿದೆ.”

ಕೊನೆಯ ವಾಕ್ಯ ಬರೀ ಸೌಜನ್ಯಕ್ಕಲ್ಲ. ಹಳೆಯ ಶಿಷ್ಯರಿಗೆ ಬಾಯಿಬಿಟ್ಟು ಇಲ್ಲ ಎನ್ನಲು ನಮ್ಮಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. “ನೋಡೋಣಮ್ಮ” ಎಂದು ಸುಮ್ಮನಾಗುತ್ತಾರೆ, ಇಲ್ಲವೇ ಮೇಲ್‌ಗೆ ಉತ್ತರವೇ ಬರುವುದಿಲ್ಲ. ಒಲ್ಲದ ಮನಸ್ಸಿನಿಂದ ಬರೆದ ಪತ್ರ, ಬೇರೆಯವರು ಬರೆಯದೇ ಉಳಿದ ಪತ್ರಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ. ಎರಡು ವಾರ ಕಾದು ಒಮ್ಮೆ ಫೋನ್ ಮಾಡಿ, ಆಗಲೂ ಉತ್ತರ ತೇಲಿಸಿದಂತಿದ್ದರೆ ಅದನ್ನೇ ಉತ್ತರ ಎಂದುಕೊಂಡು ಮುಂದಿನವರ ಬಳಿ ಹೋಗಬೇಕು. ಸೆಪ್ಟೆಂಬರ್‌ನಲ್ಲಿ ಕೇಳಿದವಳಿಗೆ ಅಕ್ಟೋಬರ್ ಮಧ್ಯದಲ್ಲೂ ಆ ಅವಕಾಶ ಇರುತ್ತದೆ.

ಮೇಡಂ ಒಪ್ಪಿದ ಮೇಲೆ ಕಳಿಸಬೇಕಾದ ಕಾಗದಗಳಲ್ಲಿ ರೆಸ್ಯೂಮೆ, ಅಂಕಪಟ್ಟಿ, ಉದ್ದೇಶ ಪತ್ರದ ಕರಡು ಇರಲಿ. ವಿಶ್ವವಿದ್ಯಾಲಯ, ಕೋರ್ಸು, ಗಡುವು ಇರುವ ಒಂದು ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಕೊಡಲಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಪುಟದ ನೆನಪಿನ ಟಿಪ್ಪಣಿ. ಅಲ್ಲಿ ವಿಶೇಷಣಗಳು ಬೇಡ, ನಡೆದದ್ದು ಬೇಕು.

ಉದಾಹರಣೆಗೆ, ಫ್ಲೋರೈಡ್ ಅಳೆಯಲು ಅವರು ಸ್ಪ್ಯಾಡ್ನ್ಸ್ ಎಂಬ ಬಣ್ಣದ ವಿಧಾನ ಬಳಸಿದ್ದರು. ಲೀಟರಿಗೆ ಸುಮಾರು 1.4 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇದ್ದರೆ ಆ ವಿಧಾನದ ಅಳತೆಯನ್ನು ನಂಬುವಂತಿಲ್ಲ. ನೀರನ್ನು ತೆಳುವಾಗಿಸಿ ಅಳೆದು ಲೆಕ್ಕ ಹಾಕಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಕೊಡುವ ಕೊನೆಯ ಮಿತಿ 1.5 ಮಿಲಿಗ್ರಾಂ. ಹೆಚ್ಚಿನ ಮಾದರಿಗಳ ಅಳತೆ ಆ ಮಿತಿಯ ಕೆಳಗೇ ಒತ್ತೊತ್ತಾಗಿ ಬಂದದ್ದನ್ನು ಕಂಡು ಇವಳಿಗೆ ಅನುಮಾನ ಹುಟ್ಟಿತು. ನೀರನ್ನು ತೆಳುವಾಗಿಸಿ ಎಲ್ಲವನ್ನೂ ಮತ್ತೆ ಅಳೆದಾಗ ಕೆಲವು ಬಾವಿಗಳ ಅಂಕಿ ಎರಡು ದಾಟಿತು. ಟಿಪ್ಪಣಿಯಲ್ಲಿ ಇದನ್ನು ನಾಲ್ಕು ಸಾಲಿನಲ್ಲಿ ಬರೆದರೆ ಮೇಡಂಗೆ ಆ ಮಧ್ಯಾಹ್ನದ ಲ್ಯಾಬ್ ನೆನಪಿಗೆ ಬರುತ್ತದೆ. ಹಾಗೆ ಅನುಮಾನಪಟ್ಟವರು ತಂಡದಲ್ಲಿ ಇವಳೊಬ್ಬಳೇ ಎಂಬ ಮಾತನ್ನು ಅವರೇ ಸೇರಿಸುತ್ತಾರೆ, ಇವಳು ಹೇಳಬೇಕಾಗಿಲ್ಲ. ಸಂಶೋಧನೆಗೆ ಬೇಕಾದ ಗುಣ ಇದೇ ಎಂದು ಓದುವ ಪ್ರಾಧ್ಯಾಪಕರಿಗೆ ತಾನಾಗಿ ಹೊಳೆಯುತ್ತದೆ. ಮ್ಯಾನೇಜರಿಗೆ ಕೊಡುವ ಟಿಪ್ಪಣಿಯಲ್ಲಿ ಇದರ ಸುದ್ದಿ ಬೇಡ. ಅಲ್ಲಿ ಚರಂಡಿಯ ಕೆಲಸವೇ ಬರಲಿ. ಮೂರು ಪತ್ರಗಳೂ ಒಂದೇ ಸಂಗತಿ ಹೇಳಿದರೆ ಎರಡು ವ್ಯರ್ಥ.

“ನೀನೇ ಬರೆದು ತಾ, ನಾನು ಸೈನ್ ಹಾಕ್ತೀನಿ.” ಇದು ನಮ್ಮ ಕಾಲೇಜುಗಳಲ್ಲಿ ಎಷ್ಟು ಸಹಜವಾಗಿದೆ ಎಂದರೆ ಯಾರಿಗೂ ಅದು ತಪ್ಪು ಅನಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ತಪ್ಪು, ಜೊತೆಗೆ ವಿದ್ಯಾರ್ಥಿಗೇ ನಷ್ಟ. ಪತ್ರ ತನ್ನದೇ ಎಂದು ಬರೆದವರು ದೃಢೀಕರಿಸಬೇಕೆಂದು ಕೆಲವು ಫಾರಂಗಳು ಕೇಳುತ್ತವೆ. ಒಬ್ಬಳೇ ಕೂತು ಮೂರು ಪತ್ರ ಬರೆದರೆ ವಾಕ್ಯದ ಓಟ, ಮೆಚ್ಚಿನ ಪದಗಳು ಮೂರರಲ್ಲೂ ಒಂದೇ ಆಗಿ, ದಿನವೂ ಇಂಥ ಪತ್ರ ಓದುವವರಿಗೆ ಬೇಗ ತಿಳಿದುಬಿಡುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದವರು ಹೋಲಿಸಿ ಹೇಳುವಂಥ ಒಂದು ಮಾತು ಇಪ್ಪತ್ತೈದರ ಹುಡುಗಿಯ ಪೆನ್ನಿನಿಂದ ಬರುವುದೂ ಇಲ್ಲ. ಹಾಗೆ ಕೇಳಿದರೆ, “ಮೇಡಂ, ನೆನಪಿಗೆ ಅಂತ ಎಲ್ಲಾ ವಿವರ ಬರೆದು ಕೊಡ್ತೀನಿ, ಪತ್ರ ಮಾತ್ರ ನಿಮ್ಮ ಮಾತಲ್ಲೇ ಇರಲಿ” ಎನ್ನಬಹುದು. ಕಷ್ಟ ಇರುವುದು ಖಾಲಿ ಹಾಳೆಯ ಮುಂದೆ ಕೂರುವುದರಲ್ಲಿ. ಟಿಪ್ಪಣಿ ಕೈಗೆ ಸಿಕ್ಕರೆ ಎಷ್ಟೋ ಮಂದಿ ಬರೆಯುತ್ತಾರೆ.

ಪತ್ರ ಹೋಗುವುದು ವಿಶ್ವವಿದ್ಯಾಲಯದ ಪೋರ್ಟಲ್ ಮೂಲಕ. ಅರ್ಜಿಯಲ್ಲಿ ಮೇಡಂ ಹೆಸರು, ಇಮೇಲ್ ಹಾಕಿದರೆ ಅವರಿಗೆ ಒಂದು ಲಿಂಕ್ ಬರುತ್ತದೆ. ಕಾಲೇಜಿನ ವಿಳಾಸವನ್ನೇ ಕೊಡುವುದು ಉತ್ತಮ. ಜಿಮೇಲ್ ವಿಳಾಸವನ್ನು ಕೆಲವು ಕಡೆ ಅನುಮಾನದಿಂದ ನೋಡುತ್ತಾರೆ. ಅವರು ಆ ಕಾಲೇಜಿನ ಮೇಲ್ ತೆರೆಯುವ ಅಭ್ಯಾಸ ಇಟ್ಟುಕೊಂಡಿದ್ದಾರೆಯೇ ಎಂದು ಮೊದಲೇ ಕೇಳಿರಬೇಕು. ಕೆಲವು ಪೋರ್ಟಲ್‌ಗಳು ಹೆಸರು ಸೇರಿಸಿದ ಕೂಡಲೇ ಲಿಂಕ್ ಕಳಿಸುತ್ತವೆ, ಇನ್ನು ಕೆಲವು ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿದ ಮೇಲೆಯೇ. ಎರಡನೆಯ ಬಗೆಯಾದರೆ ಅವಳು ಡಿಸೆಂಬರ್ 14ರವರೆಗೆ ಅರ್ಜಿ ಇಟ್ಟುಕೊಂಡು ಕೂತರೆ ಮೇಡಂಗೆ ಉಳಿಯುವುದು ಒಂದೇ ದಿನ. ಸೆಪ್ಟೆಂಬರ್‌ನಲ್ಲಿ ಕೇಳಿದ್ದೂ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಅದೇ ಪುಟದಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ: ಈ ಪತ್ರವನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ? ಅಮೆರಿಕದ 1974ರ ಕಾಯ್ದೆಯೊಂದು ಪ್ರವೇಶ ಪಡೆದ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕು ಕೊಟ್ಟಿದೆ. ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಬಿಟ್ಟುಕೊಡುವುದೇ ವಾಡಿಕೆ. ವಿದ್ಯಾರ್ಥಿ ಓದುವುದಿಲ್ಲ ಎಂದಾಗ ಬರೆದವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ ಎಂದು ಸಮಿತಿ ನಂಬುತ್ತದೆ. ಒಮ್ಮೆ ಆರಿಸಿದ್ದನ್ನು ಸಾಮಾನ್ಯವಾಗಿ ಬದಲಿಸಲು ಬರುವುದಿಲ್ಲ.

ನೆನಪಿಸಲು ನಾಚಿಕೆ ಬೇಡ. ನವೆಂಬರ್ 10ರ ಹೊತ್ತಿಗೆ ಒಮ್ಮೆ, 25ಕ್ಕೆ ಒಮ್ಮೆ, ಎರಡೇ ಸಾಲು ಸಾಕು, ಜೊತೆಗೆ ಗಡುವಿನ ಪಟ್ಟಿ ಮತ್ತೊಮ್ಮೆ. ಪತ್ರ ತಲುಪಿದೆಯೇ ಎಂಬುದು ಅವಳ ಪೋರ್ಟಲ್‌ನಲ್ಲೇ ಕಾಣುತ್ತದೆ, ಮೇಡಂ ಅವರನ್ನು ಕೇಳಬೇಕಿಲ್ಲ. ಲಿಂಕ್ ಸ್ಪ್ಯಾಮ್‌ನಲ್ಲಿ ಕಳೆದುಹೋಗಿದ್ದರೆ ಮತ್ತೆ ಕಳಿಸುವ ಬಟನ್ ಅಲ್ಲೇ ಇರುತ್ತದೆ. ಗಡುವು ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 11.59 ಆಗಿದ್ದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 10.29. ಕೊನೆಯ ಗಳಿಗೆಯಲ್ಲಿ ಆ ರಾತ್ರಿಯೊಂದು ಸಿಗುತ್ತದೆ, ಆದರೆ ಮೇಡಂಗೆ ಹೇಳುವ ದಿನಾಂಕದಲ್ಲಿ ಅದನ್ನು ಸೇರಿಸಬಾರದು. ಅಷ್ಟರಲ್ಲೂ ಪತ್ರ ಬರದಿದ್ದರೆ ಪ್ರವೇಶ ಕಚೇರಿಗೆ ಒಂದು ಮೇಲ್ ಬರೆದು ಕೇಳಬೇಕು. ಅರ್ಜಿ ಸಮಯಕ್ಕೆ ಸಲ್ಲಿಕೆಯಾಗಿದ್ದರೆ ಪತ್ರಕ್ಕೆ ಕೆಲವು ದಿನ ಹೆಚ್ಚು ಕೊಡುವ ವಿಭಾಗಗಳಿವೆ, ಕೊಡದವೂ ಇವೆ.

ಪತ್ರದ ಒಂದು ಪ್ರತಿಯನ್ನು ತಮ್ಮ ಬಳಿಯೇ ಇಟ್ಟುಕೊಂಡಿರಿ ಎಂದು ಮೇಡಂಗೆ ಆಗಲೇ ಹೇಳಿಡಬೇಕು. ಆರರಲ್ಲಿ ಒಂದೂ ಸಿಗದೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದರೆ ಹೊಸ ಲಿಂಕುಗಳು ಬರುತ್ತವೆ. ಹಳೆಯ ಪತ್ರಕ್ಕೆ ಆ ವರ್ಷದ ಕೆಲಸವನ್ನಷ್ಟು ಸೇರಿಸಿದರೆ ಸಾಕು.