ಪ್ರಯೋಗಾಲಯದಲ್ಲಿ ಆಮ್ಲ ಚೆಲ್ಲಿದಾಗ

ಶಾಲೆ, ಪಿಯು ಕಾಲೇಜುಗಳ ಪ್ರಯೋಗಾಲಯದಲ್ಲಿ ಚೆಲ್ಲಬಹುದಾದ ದ್ರವಗಳ ಪೈಕಿ ಹೆಚ್ಚು ಎಚ್ಚರ ಬೇಡುವುದು ಸಾಂದ್ರ ಸಲ್ಫ್ಯೂರಿಕ್ ಆಮ್ಲ. ಲವಣ ವಿಶ್ಲೇಷಣೆಗೆ, ಕಂದು ಉಂಗುರದ ಪರೀಕ್ಷೆಗೆ ಅದು ಬೇಕೇ ಬೇಕು. ಹಾಗಾಗಿ ಅದರ ಬಾಟಲಿ ಸದಾ ಮೇಜಿನ ಮೇಲೆಯೇ ಇರುತ್ತದೆ. ಎಣ್ಣೆಯಂತೆ ಮಂದವಾಗಿ ಹರಿಯುವ ಈ ಆಮ್ಲಕ್ಕೆ ಬಣ್ಣವಿಲ್ಲ, ತಣ್ಣಗಿದ್ದಾಗ ಹೊಗೆಯೂ ಇಲ್ಲ. ನೆಲದ ಮೇಲೆ ಬಿದ್ದರೆ ನೀರೆಂದೇ ತೋರುತ್ತದೆ.

ಅರ್ಧ ತುಂಬಿದ ಬಾಟಲಿಯೊಂದು ಕೈಜಾರಿ ಒಡೆದು, ಸುಮಾರು 100 ಮಿ.ಲೀ. ಆಮ್ಲ ನೆಲಕ್ಕೆ ಹರಡಿತು ಎಂದುಕೊಳ್ಳೋಣ. ಶಿಕ್ಷಕರು ಮೊದಲು ನೋಡಬೇಕಾದದ್ದು ನೆಲವನ್ನಲ್ಲ, ಮಕ್ಕಳನ್ನು. ಯಾರ ಕಾಲಿಗೆ, ಬಟ್ಟೆಗೆ ಸಿಡಿದಿದೆಯೋ ಅವರನ್ನು ಕೂಡಲೇ ನಲ್ಲಿಯ ಬಳಿಗೆ ಕರೆದೊಯ್ಯಬೇಕು. ಆಮ್ಲ ತಾಗಿದ ಬಟ್ಟೆ, ಚಪ್ಪಲಿ, ಕಾಲುಚೀಲ ತೆಗೆಸಿ, ಆ ಜಾಗದ ಮೇಲೆ ಕನಿಷ್ಠ 20 ನಿಮಿಷ ಧಾರಾಳವಾಗಿ ನೀರು ಹರಿಸಬೇಕು. ಸಂಕೋಚದಿಂದ ಬಟ್ಟೆ ತೆಗೆಯಲು ತಡಮಾಡಿದರೆ ಗಾಯ ಆಳವಾಗುತ್ತದೆ. ಹುಡುಗಿಯರಿಗೆ ಶಿಕ್ಷಕಿಯೊಬ್ಬರು ಜೊತೆಗಿದ್ದು ಮರೆ ಮಾಡಿಕೊಡಬೇಕು. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ಚರ್ಮಕ್ಕೆ ಸೋಡಾ ಪುಡಿ, ಅರಿಶಿನ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬಾರದು. ಸೋಡಾ ಏನಿದ್ದರೂ ನೆಲಕ್ಕೆ.

ಒಬ್ಬರು ಹೀಗೆ ಆರೈಕೆಯಲ್ಲಿರುವಾಗ ಇನ್ನೊಬ್ಬರು ಬರ್ನರ್ ಆರಿಸಿ, ಕಿಟಕಿಗಳನ್ನು ತೆರೆದು, ಉಳಿದ ಮಕ್ಕಳನ್ನು ಹೊರಗೆ ಕಳಿಸಬೇಕು. ನೆಲ ಸ್ವಚ್ಛಗೊಳಿಸುವವರಿಗೆ ಕನ್ನಡಕ, ಏಪ್ರನ್, ಮುಚ್ಚಿದ ಶೂ, ದಪ್ಪ ರಬ್ಬರ್ ಕೈಗವಸು ಬೇಕು. ಆಸ್ಪತ್ರೆಯಲ್ಲಿ ಬಳಸುವ ತೆಳು ಕೈಗವಸು ಈ ಆಮ್ಲವನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ.

ಆಗ ಎಲ್ಲರಿಗೂ ಹೊಳೆಯುವ ಉಪಾಯವೆಂದರೆ ಒಂದು ಬಕೆಟ್ ನೀರು ಸುರಿಯುವುದು. ಅದೇ ದೊಡ್ಡ ತಪ್ಪು. ಸಾಂದ್ರ ಆಮ್ಲಕ್ಕೆ ನೀರು ಬಿದ್ದೊಡನೆ ವಿಪರೀತ ಶಾಖ ಹುಟ್ಟಿ, ನೀರು ಕುದಿದು ಆಮ್ಲವನ್ನೂ ಹೊತ್ತು ಸಿಡಿಯುತ್ತದೆ. ಬಟ್ಟೆ, ಹತ್ತಿ, ಮರದ ಹೊಟ್ಟು ಹಾಕುವುದೂ ಸರಿಯಲ್ಲ. ಆಮ್ಲ ಅವುಗಳನ್ನು ಕರಕಲು ಮಾಡುತ್ತದೆ. ಬೇಕಾದದ್ದು ಒಣ ಮರಳು. ಚೆಲ್ಲಿದ ಜಾಗದ ಸುತ್ತ ಮರಳಿನ ಬದು ಕಟ್ಟಿದರೆ ಆಮ್ಲ ಮುಂದೆ ಹರಿಯುವುದಿಲ್ಲ. ಗಾಜಿನ ಚೂರುಗಳನ್ನು ಇಕ್ಕಳದಿಂದಲೇ ಎತ್ತಬೇಕು.

ಅನಂತರ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ಅದನ್ನು ಅಂಚಿನಿಂದ ಒಳಮುಖವಾಗಿ, ಸ್ವಲ್ಪ ಸ್ವಲ್ಪವೇ ಉದುರಿಸಬೇಕು. 100 ಮಿ.ಲೀ. ಸಾಂದ್ರ ಆಮ್ಲಕ್ಕೆ ಲೆಕ್ಕದ ಪ್ರಕಾರವೇ 300 ಗ್ರಾಂಗಿಂತ ತುಸು ಹೆಚ್ಚು ಸೋಡಾ ಬೇಕು. ಅನೇಕ ಪ್ರಯೋಗಾಲಯಗಳ ಕಪಾಟಿನಲ್ಲಿರುವ ಒಂದು ಸಣ್ಣ ಪೊಟ್ಟಣ ಇದಕ್ಕೆ ಏನೇನೂ ಸಾಲದು. ಒಂದು ಕಿಲೋ ಆದರೂ ಇರಬೇಕು. ಈ ಕ್ರಿಯೆಯಲ್ಲಿ ಸುಮಾರು 90 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಆಮ್ಲದ ಹನಿಗಳು ಹಾರುತ್ತವೆ. ಕಿಟಕಿ ತೆರೆಯುವುದೂ ಇದಕ್ಕೇ.

ಕೆಲಸ ಮುಗಿಯಿತೆಂದು ಮೋಸಹೋಗುವುದು ಇಲ್ಲಿಯೇ. ಸೋಡಾ ಮೇಲ್ಗಡೆ ಬಿಳಿ ಹೆಪ್ಪಿನಂತೆ ಗಟ್ಟಿಯಾಗುತ್ತದೆ, ನೊರೆ ನಿಲ್ಲುತ್ತದೆ, ಅಡಿಯಲ್ಲಿ ಮಾತ್ರ ಆಮ್ಲ ಹಾಗೇ ಉಳಿದಿರುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಸಟ್ಟುಗದಿಂದ ನಿಧಾನವಾಗಿ ಕಲಸಿ, ಮತ್ತೆ ನೊರೆ ಬಂದರೆ ಇನ್ನಷ್ಟು ಸೋಡಾ ಹಾಕಬೇಕು. ಇನ್ನು ನೊರೆ ಬರದಿದ್ದಾಗ ಮಾತ್ರ ದೂರ ನಿಂತು ಸ್ವಲ್ಪ ನೀರು ಚಿಮುಕಿಸಿ, ಪುನಃ ಕಲಸಬೇಕು. ಕಡಪ ಕಲ್ಲು, ಮೊಸಾಯಿಕ್, ಸಿಮೆಂಟ್ ನೆಲಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಸುಣ್ಣದ ಅಂಶ ಇರುವುದರಿಂದ ಆಮ್ಲ ತಾಗಿದರೆ ನೆಲವೇ ನೊರೆಗರೆಯುತ್ತದೆ. ಹೀಗಾಗಿ ನೊರೆಯನ್ನು ನಂಬದೆ ಲಿಟ್ಮಸ್ ಕಾಗದವನ್ನೇ ನಂಬಬೇಕು. ಒದ್ದೆ ಮಿಶ್ರಣಕ್ಕೆ ಮೂರ್ನಾಲ್ಕು ಕಡೆ ನೀಲಿ ಲಿಟ್ಮಸ್ ತಾಗಿಸಿದಾಗ ಎಲ್ಲಿಯೂ ಕೆಂಪಾಗಬಾರದು.

ಆಮೇಲೆ ಮಿಶ್ರಣವನ್ನು ಪ್ಲಾಸ್ಟಿಕ್ ಮೊರದಲ್ಲಿ ಎತ್ತಿ ಪ್ಲಾಸ್ಟಿಕ್ ಬಕೆಟ್‌ಗೆ ತುಂಬಿ, ನೆಲವನ್ನು ನೀರಿನಿಂದ ತೊಳೆಯಬಹುದು. ಮರಳನ್ನು ಸಿಂಕಿಗೆ ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಅದನ್ನು ಬೇರೆಯಾಗಿಯೇ ವಿಲೇವಾರಿ ಮಾಡಬೇಕು.

ಈ ಕ್ರಮ ಎಲ್ಲ ದ್ರವಗಳಿಗೂ ಹೊಂದುವುದಿಲ್ಲ. ಸ್ಪಿರಿಟ್ ಚೆಲ್ಲಿದರೆ ಬೆಂಕಿ ಆರಿಸುವುದೇ ಮೊದಲ ಕೆಲಸ. ಥರ್ಮಾಮೀಟರ್ ಒಡೆದು ಪಾದರಸ ಉರುಳಿದರೆ ಪೊರಕೆ ಬಳಸಬಾರದು, ಬಳಸಿದರೆ ಅದು ಇನ್ನೂ ಸಣ್ಣ ಹನಿಗಳಾಗಿ ಚದುರುತ್ತದೆ. ನೈಟ್ರಿಕ್ ಆಮ್ಲದಿಂದ ಕಂದು ಹೊಗೆ ಎದ್ದರೆ, ಅಥವಾ ಎರಡೂವರೆ ಲೀಟರಿನ ದೊಡ್ಡ ಆಮ್ಲದ ಬಾಟಲಿಯೇ ಒಡೆದರೆ, ಶುಚಿ ಮಾಡಲು ನಿಲ್ಲದೆ ಎಲ್ಲರೂ ಹೊರಬಂದು ಬಾಗಿಲು ಮುಚ್ಚಿ, 101ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದ ನೆರವು ಪಡೆಯಬೇಕು.